26ಎಎಸ್‌ನಲ್ಲಿ ಟಿಡಿಎಸ್ ಇದೆ, ಇಂಟಿಮೇಷನ್‌ನಲ್ಲಿ ಇಲ್ಲ: ತಿದ್ದುಪಡಿ ಕೇಳಿದರೂ ಅದೇ ಬೇಡಿಕೆ ಮರಳಿ ಬಂದಿದೆ

ದಾವಣಗೆರೆ_ಮಂಜು · 14 ಜನವರಿ 2026

ಎಲ್ಲರಿಗೂ ನಮಸ್ಕಾರ. 2024-25ರ ಆರ್ಥಿಕ ವರ್ಷದಲ್ಲಿ ನಾನು ಎರಡು ಕಂಪನಿಗಳಲ್ಲಿ ಕೆಲಸ ಮಾಡಿದ್ದೇನೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲ ಕಂಪನಿಯಲ್ಲಿ 6,00,000 ರೂಪಾಯಿ ಸಂಬಳ ಬಂದು 38,000 ಟಿಡಿಎಸ್ ಕಡಿತವಾಯಿತು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಎರಡನೆಯದರಲ್ಲಿ 7,75,000 ಸಂಬಳ ಬಂದು 66,000 ಕಡಿತವಾಯಿತು. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಆದಾಯ 13,00,000, ತೆರಿಗೆ ಒಂದು ಲಕ್ಷ, ಸೆಸ್ ನಾಲ್ಕು ಸಾವಿರ. ಕಡಿತವಾಗಿರುವುದೂ 1,04,000. ಅಂದರೆ ಕೊಡುವುದೂ ಇಲ್ಲ, ಬರುವುದೂ ಇಲ್ಲ.

ಜುಲೈ 12ರಂದು ರಿಟರ್ನ್ ಸಲ್ಲಿಸಿ ಅಂದೇ ವೆರಿಫೈ ಮಾಡಿದೆ. ನವೆಂಬರ್ 18ರಂದು ಸೆಕ್ಷನ್ 143(1)ರ ಇಂಟಿಮೇಷನ್ ಬಂತು. ಅದರಲ್ಲಿ ನಾನು ಕೊಟ್ಟ ಅಂಕಿಗಳ ಕಾಲಂನಲ್ಲಿ ಟಿಡಿಎಸ್ 1,04,000 ಎಂದಿದ್ದರೆ, ಪಕ್ಕದ ಇಲಾಖೆಯ ಕಾಲಂನಲ್ಲಿ 66,000 ಮಾತ್ರ ಇದೆ. ಬಾಕಿ 38,000ಕ್ಕೆ ಬಡ್ಡಿ ಸೇರಿಸಿ 42,960 ರೂಪಾಯಿ ಕಟ್ಟಬೇಕೆಂದು ಬೇಡಿಕೆ ಹಾಕಿದ್ದಾರೆ. ನನ್ನ ಪ್ಯಾನ್‌ನಲ್ಲಿ ಕಡಿತವಾದ ತೆರಿಗೆಯನ್ನು ತೋರಿಸುವ ಇಲಾಖೆಯ ಪಟ್ಟಿ 26ಎಎಸ್ ತೆಗೆದು ನೋಡಿದರೆ ಮೊದಲ ಕಂಪನಿಯ 38,000 ಅಲ್ಲಿ ಇದೆ.

ಡಿಸೆಂಬರ್ 2ರಂದು ಪೋರ್ಟಲ್‌ನಲ್ಲಿ "Reprocess the return" ಎಂಬುದನ್ನು ಆರಿಸಿ ಸೆಕ್ಷನ್ 154ರ ಅಡಿ ತಿದ್ದುಪಡಿ ಕೋರಿದೆ. ಜನವರಿ 9ರಂದು ಅದರ ಆದೇಶ ಬಂದಿದೆ. ಒಂದು ರೂಪಾಯಿಯೂ ಬದಲಾಗದೆ ಅದೇ 42,960. ರಿಟರ್ನ್‌ಗಳನ್ನು ಸಂಸ್ಕರಿಸುವ ಇಲಾಖೆಯ ಕೇಂದ್ರ ಸಿಪಿಸಿ ಇರುವುದು ಬೆಂಗಳೂರಿನಲ್ಲೇ, ನಾನಿರುವುದೂ ಈಗ ಬೆಂಗಳೂರಿನಲ್ಲೇ. ಆದರೂ ಹೋಗಿ ಕೇಳಲು ಒಂದು ಕಿಟಕಿಯಿಲ್ಲ. ಮತ್ತೊಮ್ಮೆ ಅದನ್ನೇ ಕೋರಬೇಕೇ, ಅಥವಾ ಬೇರೆ ದಾರಿ ಇದೆಯೇ ಎಂದು ತಿಳಿದವರು ಹೇಳಬೇಕಾಗಿ ಕೋರುತ್ತೇನೆ.

---

ನಿವೃತ್ತ_ಮ್ಯಾನೇಜರ್ · 14 ಜನವರಿ

ಮಂಜು ಅವರೇ, ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಇಂತಹ ವಿಷಯದಲ್ಲಿ ಹಟ ಬೇಡವೆಂಬುದು ನನ್ನ ಸಲಹೆ. ಇಂಟಿಮೇಷನ್ ಬಂದ ಮೂವತ್ತು ದಿನದೊಳಗೆ ಕಟ್ಟದಿದ್ದರೆ ಬೇಡಿಕೆಯ ಮೇಲೆ ತಿಂಗಳಿಗೆ ಶೇಕಡಾ ಒಂದರಂತೆ ಬಡ್ಡಿ ಬೆಳೆಯುತ್ತದೆ. ಮೊದಲು 42,960 ಕಟ್ಟಿಬಿಡಿ, ಆಮೇಲೆ ರಿವೈಸ್ಡ್ ರಿಟರ್ನ್ ಹಾಕಿ ರೀಫಂಡ್ ಪಡೆಯಿರಿ. ತಿದ್ದುಪಡಿಯೆಂಬುದು ಇಲಾಖೆ ಮಾಡಿದ ತಪ್ಪಿಗೆ ಮಾತ್ರ ಇರುವ ದಾರಿ.

---

ವಿದ್ಯಾ_ಶಿವಮೊಗ್ಗ · 14 ಜನವರಿ

ಸರ್, ಬಡ್ಡಿಯ ವಿಚಾರ ನೀವು ಹೇಳಿದ್ದು ಸರಿ, ಅದು ಸೆಕ್ಷನ್ 220(2)ರಲ್ಲಿದೆ. ಆದರೆ ಉಳಿದೆರಡು ಮಾತುಗಳನ್ನು ಒಪ್ಪಲಾರೆ. ಈ ವರ್ಷದ ರಿವೈಸ್ಡ್ ರಿಟರ್ನ್‌ಗೆ ಡಿಸೆಂಬರ್ 31 ಕೊನೆಯ ದಿನವಾಗಿತ್ತು, ಅದು ಕಳೆದು ಎರಡು ವಾರವಾಗಿದೆ. ಆಮೇಲೂ ಸಲ್ಲಿಸಬಹುದಾದ ಅಪ್‌ಡೇಟೆಡ್ ರಿಟರ್ನ್ ತೆರಿಗೆಯನ್ನು ಹೆಚ್ಚಿಸಿಕೊಳ್ಳುವವರಿಗೆ ಇರುವುದೇ ಹೊರತು ಕಡಿಮೆ ಮಾಡಿಕೊಳ್ಳುವವರಿಗಲ್ಲ. ಇನ್ನು ಸೆಕ್ಷನ್ 154 ನೋಡುವುದು ದಾಖಲೆಯಲ್ಲೇ ಎದ್ದು ಕಾಣುವ ತಪ್ಪನ್ನು. ಆ ತಪ್ಪು ಯಾರ ಕೈಯಿಂದ ಆಯಿತು ಎಂಬುದು ಅದಕ್ಕೆ ಮುಖ್ಯವಲ್ಲ. 26ಎಎಸ್ ಇಲಾಖೆಯದೇ ದಾಖಲೆಯಾಗಿರುವುದರಿಂದ ಅದರಲ್ಲಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಕೇಳಲು ಯಾವ ಅಡ್ಡಿಯೂ ಇಲ್ಲ.

ಮಂಜು ಅವರೇ, ನೀವಿನ್ನೂ ಹಣ ಕಟ್ಟಬೇಡಿ. ಪೋರ್ಟಲ್‌ನಲ್ಲಿ "Demand is correct" ಎಂಬುದನ್ನಂತೂ ಒತ್ತಲೇಬೇಡಿ, ಒಮ್ಮೆ ಒತ್ತಿದರೆ ಆ ಬೇಡಿಕೆಗೆ ಮತ್ತೆ ಅಸಮ್ಮತಿ ಸೂಚಿಸಲು ಅದು ಬಿಡುವುದಿಲ್ಲ.

ಉತ್ತರ ಹೇಳುವ ಮುನ್ನ ನನಗೆ ಎರಡು ವಿಷಯ ಬೇಕು. 26ಎಎಸ್‌ನಲ್ಲಿ ಮೊದಲ ಕಂಪನಿಯ ಸಾಲನ್ನು ಬಿಡಿಸಿದರೆ ಪ್ರತಿ ತಿಂಗಳ ಕಡಿತದ ಎದುರು "Status of Booking" ಮತ್ತು "Date of Booking" ಎಂಬ ಎರಡು ಕಾಲಂ ಕಾಣುತ್ತವೆ. ಅಲ್ಲಿ ಏನಿದೆ ಎಂದು ನೋಡಿ. ಆಮೇಲೆ ತೆರಿಗೆ ಕಡಿತ ಮಾಡುವವರ ಗುರುತಿನ ಸಂಖ್ಯೆಯಾದ ಟ್ಯಾನ್ ಅಲ್ಲಿ ಕಂಪನಿಯ ಹೆಸರಿನೊಂದಿಗೆ ಇರುತ್ತದೆ, ಅದನ್ನು ನಿಮ್ಮ ರಿಟರ್ನ್‌ನ ಟಿಡಿಎಸ್ ಶೆಡ್ಯೂಲ್‌ನಲ್ಲಿರುವ ಟ್ಯಾನ್ ಪಕ್ಕದಲ್ಲಿಟ್ಟು ಹತ್ತೂ ಅಕ್ಷರಗಳನ್ನು ಬೆರಳಿಟ್ಟು ಹೋಲಿಸಿ. ಸಂಖ್ಯೆಯನ್ನು ಇಲ್ಲಿ ಹಾಕುವುದು ಬೇಡ, ಒಂದೇ ಇದೆಯೋ ಇಲ್ಲವೋ ಎಂದು ಹೇಳಿದರೆ ಸಾಕು.

---

ಲಲಿತಾ_ಮೈಸೂರು · 15 ಜನವರಿ

ನನ್ನದೂ ಇದೇ ಸಮಸ್ಯೆ. ನಾನು ಹಿರಿಯ ನಾಗರಿಕಳು. ನನ್ನ ನಿವೃತ್ತಿಯ ಹಣವನ್ನು ನನ್ನ ಯಜಮಾನರ ಹೆಸರು ಮೊದಲಿಟ್ಟು ಜಂಟಿಯಾಗಿ ಎಫ್‌ಡಿ ಮಾಡಿದ್ದೇವೆ. ಬಡ್ಡಿಯನ್ನು ನಾನೇ ನನ್ನ ರಿಟರ್ನ್‌ನಲ್ಲಿ ತೋರಿಸುತ್ತಿದ್ದೇನೆ, ಆದರೆ ಟಿಡಿಎಸ್ ಮಾತ್ರ ನನಗೆ ಕೊಟ್ಟಿಲ್ಲ. ನಾನು ಫಾರ್ಮ್ 15ಎಚ್ ಕೊಟ್ಟಿದ್ದರೆ ಇದೆಲ್ಲ ಆಗುತ್ತಿರಲಿಲ್ಲವೇ?

---

ವಿದ್ಯಾ_ಶಿವಮೊಗ್ಗ · 15 ಜನವರಿ

ಮೇಡಂ, ಹೊರನೋಟಕ್ಕೆ ಎರಡೂ ಒಂದೇ ಎನಿಸಿದರೂ ನಿಮ್ಮದು ಬೇರೆ ವಿಷಯ. ಮಂಜು ಅವರ ಕಡಿತ ಅವರದೇ ಪ್ಯಾನ್‌ನಲ್ಲಿ ದಾಖಲಾಗಿದೆ, ನಿಮ್ಮದು ಯಜಮಾನರ ಪ್ಯಾನ್‌ನಲ್ಲಿ ಕುಳಿತಿದೆ. ನಿಮ್ಮ 26ಎಎಸ್‌ನಲ್ಲಿ ಇಲ್ಲದ ಮೊತ್ತವನ್ನು ಸಿಪಿಸಿ ನಿಮಗೆ ಕೊಡಲಾರದು, ಎಷ್ಟು ಸಲ ತಿದ್ದುಪಡಿ ಕೋರಿದರೂ ಉತ್ತರ ಅದೇ. ಇದಕ್ಕಾಗಿಯೇ ನಿಯಮ 37ಬಿಎಯಲ್ಲಿ ಒಂದು ದಾರಿಯಿದೆ. ಈ ಬಡ್ಡಿ ನನ್ನದಲ್ಲ, ನನ್ನ ಪತ್ನಿಯದು ಎಂದು ಯಜಮಾನರು ಕಾರಣ ಮತ್ತು ನಿಮ್ಮ ಪ್ಯಾನ್ ಸಹಿತ ಬ್ಯಾಂಕಿಗೆ ಲಿಖಿತ ಘೋಷಣೆ ಕೊಡಬೇಕು. ಬ್ಯಾಂಕು ತನ್ನ ಟಿಡಿಎಸ್ ವಿವರಪಟ್ಟಿಯಲ್ಲಿ ಆ ಮೊತ್ತವನ್ನು ನಿಮ್ಮ ಪ್ಯಾನ್‌ಗೆ ತೋರಿಸಬೇಕು. 15ಎಚ್ ಎಂಬುದು ಕಡಿತವೇ ಬೇಡವೆಂದು ಮೊದಲೇ ಹೇಳುವ ಕಾಗದ. ಅದನ್ನು ಬ್ಯಾಂಕು ನೋಡುವುದು ಮೊದಲ ಹೆಸರಿನವರ ಪ್ಯಾನ್‌ಗೆ, ಹಾಗಾಗಿ ನೀವು ಕೊಟ್ಟಿದ್ದರೂ ಉಪಯೋಗವಾಗುತ್ತಿರಲಿಲ್ಲ.

---

ದಾವಣಗೆರೆ_ಮಂಜು · 15 ಜನವರಿ

ವಿದ್ಯಾ ಮೇಡಂ, ನೀವು ಹೇಳಿದಂತೆ ನೋಡಿದೆ. ಮೊದಲ ಕಂಪನಿಯ ಆರೂ ತಿಂಗಳ ಕಡಿತಗಳ ಎದುರು "F", ಅಂದರೆ ಫೈನಲ್ ಎಂದಿದೆ, ಬುಕಿಂಗ್ ದಿನಾಂಕ 30 ಜುಲೈ 2025 ಇದೆ.

ಟ್ಯಾನ್ ಮಾತ್ರ ಬೇರೆ! ಎರಡೂ "BLR" ಎಂದೇ ಆರಂಭವಾಗುವುದರಿಂದ ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಾರಣವೂ ಈಗ ಹೊಳೆಯುತ್ತಿದೆ. ಆ ಸಮೂಹದಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಕಂಪನಿಗಳಿವೆ. ನನ್ನನ್ನು ನೇಮಿಸಿಕೊಂಡದ್ದು ಒಂದು, ಸಂಬಳ ಪಾವತಿ ನೋಡುತ್ತಿದ್ದದ್ದು ಇನ್ನೊಂದು. ಕೆಲಸ ಬಿಟ್ಟ ಮೇಲೆ ಅವರು ಫಾರ್ಮ್ 16 ಕೊಡಲು ಸತಾಯಿಸಿದರು. ಜುಲೈ 12ರಂದು ನಾನು ರಿಟರ್ನ್ ತುಂಬುವಾಗ ಪೋರ್ಟಲ್ ತಾನಾಗಿ ತುಂಬಿದ್ದು ಎರಡನೇ ಕಂಪನಿಯ ಸಾಲನ್ನು ಮಾತ್ರ. ಹಾಗಾಗಿ ಮೊದಲನೆಯದನ್ನು ಹಳೆಯ ಕಾಗದಗಳಲ್ಲಿದ್ದ ಟ್ಯಾನ್ ನೋಡಿ ಕೈಯಿಂದ ಬರೆದೆ. ಅದು ನೇಮಕ ಮಾಡಿಕೊಂಡ ಕಂಪನಿಯದು, ಕಡಿತ ಮಾಡಿ ಕಟ್ಟಿದವರದ್ದಲ್ಲ.

ಹಾಗಾದರೆ ತಪ್ಪು ನನ್ನದೇ. ಇದನ್ನು ಈಗ ಸರಿಪಡಿಸಿಕೊಳ್ಳಬಹುದೇ?

---

ವಿದ್ಯಾ_ಶಿವಮೊಗ್ಗ · 15 ಜನವರಿ

ಸರಿಪಡಿಸಿಕೊಳ್ಳಬಹುದು. ನಿಮ್ಮ ಮೊದಲ ಕೋರಿಕೆ ಏಕೆ ಫಲಿಸಲಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಬಳಿ ಬರುವ ಹತ್ತರಲ್ಲಿ ಆರೇಳು ಮಂದಿ ಎಡವುವುದು ಇಲ್ಲೇ.

"Reprocess the return" ಎಂದು ಕೋರಿದರೆ ಯಂತ್ರವು ನಿಮ್ಮ ರಿಟರ್ನ್‌ನಲ್ಲಿರುವ ಅಂಕಿಗಳನ್ನು ಹಾಗೆಯೇ ಇಟ್ಟುಕೊಂಡು ಅವತ್ತಿನ 26ಎಎಸ್‌ನೊಂದಿಗೆ ಮತ್ತೊಮ್ಮೆ ತಾಳೆ ನೋಡುತ್ತದೆ. ನೀವು ಬರೆದದ್ದು ಸರಿಯಿದ್ದು, ಕಂಪನಿಯವರು ಟಿಡಿಎಸ್ ವಿವರಪಟ್ಟಿಯನ್ನು ತಡವಾಗಿ ಸಲ್ಲಿಸಿ, ಇಂಟಿಮೇಷನ್ ಹೊರಟ ಮೇಲೆ ನಿಮ್ಮ ಖಾತೆಗೆ ಕಡಿತ ಬಂದು ಕೂತಿದ್ದರೆ ಆಗ ಅದು ಸರಿಯಾದ ಆಯ್ಕೆ. ಬುಕಿಂಗ್ ದಿನಾಂಕವನ್ನು ನಾನು ಕೇಳಿದ್ದು ಇದಕ್ಕೇ. ನಿಮ್ಮದು ಜುಲೈ 30ಕ್ಕೇ ಬುಕ್ ಆಗಿದೆ, ಇಂಟಿಮೇಷನ್ ಬಂದದ್ದು ನವೆಂಬರ್ 18ಕ್ಕೆ. ಅಂದರೆ ಸಿಪಿಸಿ ತಾಳೆ ನೋಡಿದಾಗ ಹಣ ಅಲ್ಲಿತ್ತು, ಆದರೂ ಸಿಗಲಿಲ್ಲ. ಹಾಗಿದ್ದ ಮೇಲೆ ಕೊರತೆ ನಿಮ್ಮ ರಿಟರ್ನ್‌ನ ಸಾಲಿನಲ್ಲೇ ಇರಬೇಕು. ಡಿಸೆಂಬರ್‌ನಲ್ಲಿ ನೀವು ಅದೇ ತಪ್ಪು ಟ್ಯಾನ್ ಇರುವ ಸಾಲನ್ನು ಮತ್ತೊಮ್ಮೆ ತಾಳೆ ನೋಡಿ ಎಂದಿರಿ, ಅವರು ನೋಡಿ ಅದೇ ಉತ್ತರ ಕೊಟ್ಟರು.

ನೀವು ಆರಿಸಬೇಕಾದದ್ದು "Tax credit mismatch correction". "Services" ಅಡಿಯಲ್ಲಿ "Rectification", ಅಲ್ಲಿ "New Request", ಆಮೇಲೆ 2025-26ರ ನಿರ್ಧರಣಾ ವರ್ಷ. ಹಿಂದಿನ ಕೋರಿಕೆ ಇತ್ಯರ್ಥವಾಗಿರುವುದರಿಂದ ಹೊಸದಕ್ಕೆ ತಡೆಯಿಲ್ಲ. ಸಂಬಳದ ಟಿಡಿಎಸ್ ಶೆಡ್ಯೂಲ್ ತೆರೆದಾಗ ನೀವು ರಿಟರ್ನ್‌ನಲ್ಲಿ ಕೊಟ್ಟ ಸಾಲುಗಳು ಕಾಣುತ್ತವೆ. ಮೊದಲ ಕಂಪನಿಯ ಸಾಲನ್ನು ತಿದ್ದಿ ಟ್ಯಾನ್ ಮತ್ತು ಹೆಸರನ್ನು 26ಎಎಸ್‌ನಲ್ಲಿ ಇರುವಂತೆಯೇ ಹಾಕಿ. ಹಳೆಯ ಸಾಲನ್ನು ಹಾಗೆಯೇ ಬಿಟ್ಟು ಕೆಳಗೆ ಹೊಸ ಸಾಲು ಸೇರಿಸುವವರಿದ್ದಾರೆ. ಹಾಗೆ ಮಾಡಿದರೆ 38,000 ಎರಡು ಬಾರಿ ಕೇಳಿದಂತಾಗಿ ಒಟ್ಟು 1,42,000 ಆಗುತ್ತದೆ. ಸಲ್ಲಿಸುವ ಮುನ್ನ ಒಟ್ಟು ಮೊತ್ತ 1,04,000 ಇದೆಯೇ ಎಂದು ನೋಡಿದರೆ ಈ ಎಡವಟ್ಟು ತಪ್ಪುತ್ತದೆ.

ಬಡ್ಡಿಯ ಬಗ್ಗೆ ಚಿಂತೆ ಬೇಡ. ನಿಮ್ಮ 42,960ರಲ್ಲಿ 38,000 ತೆರಿಗೆ. ಅದನ್ನು ನೀವು ಮುಂಗಡ ತೆರಿಗೆಯಾಗಿ ಕಟ್ಟಬೇಕಿತ್ತು ಎಂದು ಭಾವಿಸಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಎಂಟು ತಿಂಗಳಿಗೆ ಸೆಕ್ಷನ್ 234ಬಿ ಬಡ್ಡಿ 3,040 ಹಾಕಿದ್ದಾರೆ, ಕಂತು ತಪ್ಪಿದ್ದಕ್ಕೆ 234ಸಿ ಬಡ್ಡಿ 1,919 ಹಾಕಿದ್ದಾರೆ. ಕೂಡಿದರೆ 42,959, ಹತ್ತರ ಲೆಕ್ಕಕ್ಕೆ ತಂದು 42,960. ಈ ಎರಡೂ ಬಡ್ಡಿ ನಿಂತಿರುವುದು ಆ 38,000ದ ಮೇಲೆ. ಅದು ಸಿಕ್ಕರೆ ಇವು ತಾವಾಗಿಯೇ ಹೋಗುತ್ತವೆ, ಇವಕ್ಕೆಂದು ಬೇರೆ ಅರ್ಜಿ ಬೇಕಿಲ್ಲ.

ಇದರ ಜೊತೆಗೆ "Response to Outstanding Demand" ಪುಟದಲ್ಲಿ ಬೇಡಿಕೆಗೆ ಅಸಮ್ಮತಿ ಸೂಚಿಸಿ, ತಿದ್ದುಪಡಿ ಕೋರಿರುವುದೇ ಕಾರಣವೆಂದು ಆರಿಸಿ. ಬೇರೆ ವರ್ಷದ ರೀಫಂಡ್ ಏನಾದರೂ ಬರುವುದಿದ್ದರೆ ಅದನ್ನು ಈ ಬೇಡಿಕೆಗೆ ವಜಾ ಮಾಡಿಕೊಳ್ಳುವುದಾಗಿ ಸೆಕ್ಷನ್ 245ರ ಪತ್ರ ಬರಬಹುದು. ಅದಕ್ಕೆ ಉತ್ತರಿಸಲು ಸಿಗುವುದು 21 ದಿನ ಮಾತ್ರ.

---

ನಿವೃತ್ತ_ಮ್ಯಾನೇಜರ್ · 15 ಜನವರಿ

ರಿವೈಸ್ಡ್ ರಿಟರ್ನ್‌ನ ಗಡುವು ಮುಗಿದಿದೆಯೆಂಬುದು ನನಗೆ ಹೊಳೆಯಲಿಲ್ಲ, ಒಪ್ಪುತ್ತೇನೆ. ಆದರೆ ಒಂದು ಮಾತು. ಎರಡನೇ ಕೋರಿಕೆಯೂ ತಿರಸ್ಕೃತವಾದರೆ ಏನು ಗತಿ? ತಿದ್ದುಪಡಿ ಕೋರುತ್ತಾ ಕುಳಿತು ಮೇಲ್ಮನವಿಯ ಅವಧಿ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಇಂಟಿಮೇಷನ್ ವಿರುದ್ಧದ ಮೂವತ್ತು ದಿನ ಡಿಸೆಂಬರ್‌ನಲ್ಲೇ ಮುಗಿದಿದೆ.

---

ವಿದ್ಯಾ_ಶಿವಮೊಗ್ಗ · 16 ಜನವರಿ

ಸರ್, ಈ ಎಚ್ಚರಿಕೆ ಬೇಕಾದದ್ದೇ. ಕೋರಿಕೆಯನ್ನು ಒಪ್ಪದ 154ರ ಆದೇಶದ ವಿರುದ್ಧವೂ ಮೇಲ್ಮನವಿ ಸಲ್ಲಿಸಬಹುದು. ಜನವರಿ 9ರ ಆದೇಶದಿಂದ ಎಣಿಸಿದರೆ ಫೆಬ್ರವರಿ 8ರವರೆಗೆ ಸಮಯವಿದೆ, ಫಾರ್ಮ್ 35ರಲ್ಲಿ ಸಲ್ಲಿಸಬೇಕು, ಈ ಮಟ್ಟದ ಆದಾಯಕ್ಕೆ ಶುಲ್ಕ 1,000 ರೂಪಾಯಿ. ನನ್ನ ಮಟ್ಟಿಗೆ ಒಂದು ಟ್ಯಾನ್ ತಿದ್ದುವುದಕ್ಕೆ ಮೇಲ್ಮನವಿಗೆ ಹೋಗುವುದು ಅನಗತ್ಯ, ಏಕೆಂದರೆ 154ಕ್ಕೆ ಇರುವ ಕಾಲಮಿತಿ ಉದಾರವಾಗಿದೆ. ಆದೇಶ ಹೊರಟ ಆರ್ಥಿಕ ವರ್ಷದ ಕೊನೆಯಿಂದ ನಾಲ್ಕು ವರ್ಷ, ಅಂದರೆ ಇವರಿಗೆ 31 ಮಾರ್ಚ್ 2030ರವರೆಗೆ.

---

ನಿವೃತ್ತ_ಮ್ಯಾನೇಜರ್ · 16 ಜನವರಿ

ನಾನಾಗಿದ್ದರೆ ಸಾವಿರ ರೂಪಾಯಿ ಹೋದರೂ ಸರಿ ಎಂದು ಎರಡನ್ನೂ ಸಲ್ಲಿಸುತ್ತಿದ್ದೆ. ಗಡುವು ನಾಲ್ಕು ವರ್ಷವಿರಬಹುದು, ಆದರೆ ಬೇಡಿಕೆ ಅಷ್ಟೂ ದಿನ ತಲೆಯ ಮೇಲೆ ತೂಗುತ್ತಿರುತ್ತದೆ.

---

ಕರಾವಳಿಯ_ಕಾಂತ · 18 ಜನವರಿ

ಇಲ್ಲಿ ಟ್ಯಾನ್, ಬುಕಿಂಗ್ ದಿನಾಂಕ ಎಂದೆಲ್ಲ ಓದುತ್ತಿದ್ದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನ್ನ 26ಎಎಸ್‌ನಲ್ಲಿ ಸಾಲೇ ಇಲ್ಲ. 2022-23ರಲ್ಲಿ ನಾನು ದುಡಿದ ಗುತ್ತಿಗೆ ಸಂಸ್ಥೆ ಸಂಬಳದಿಂದ 52,000 ರೂಪಾಯಿ ಹಿಡಿಯಿತು, ಸರ್ಕಾರಕ್ಕೆ ಕಟ್ಟಲಿಲ್ಲ, ಆಮೇಲೆ ಬಾಗಿಲು ಮುಚ್ಚಿತು. ಮೂರು ಬಾರಿ ತಿದ್ದುಪಡಿ ಕೋರಿದ್ದೇನೆ, ಮೂರು ಬಾರಿಯೂ ಅದೇ ಆದೇಶ. ಕಳೆದ ವರ್ಷ ನನಗೆ ಬರಬೇಕಿದ್ದ 18,400 ರೂಪಾಯಿ ರೀಫಂಡನ್ನೂ ಅದಕ್ಕೆ ಹಿಡಿದುಕೊಂಡರು. ನನ್ನ ಬಳಿ ಹನ್ನೆರಡು ತಿಂಗಳ ಸಂಬಳದ ಚೀಟಿಯಿದೆ. ಇದಕ್ಕೆ ಯಾವ ಗುಂಡಿ ಒತ್ತಬೇಕು?

---

ವಿದ್ಯಾ_ಶಿವಮೊಗ್ಗ · 18 ಜನವರಿ

ಕಾಂತ ಅವರೇ, ನಿಮ್ಮ ಪ್ರಕರಣಕ್ಕೆ ಪೋರ್ಟಲ್‌ನಲ್ಲಿ ಗುಂಡಿಯಿಲ್ಲ. ಸಿಪಿಸಿಯ ಯಂತ್ರಕ್ಕೆ 26ಎಎಸ್ ಬಿಟ್ಟರೆ ಬೇರೆ ದಾಖಲೆ ಕಾಣುವುದಿಲ್ಲ, ನಿಮ್ಮ ಸಂಬಳದ ಚೀಟಿಯನ್ನು ಅಲ್ಲಿ ತೆರೆದು ನೋಡುವವರಿಲ್ಲ. ನೀವು ಹೋಗಬೇಕಾದದ್ದು ನಿಮ್ಮ ವ್ಯಾಪ್ತಿಯ ನಿರ್ಧರಣಾಧಿಕಾರಿಯ ಬಳಿಗೆ, ಲಿಖಿತ ಅರ್ಜಿಯೊಂದಿಗೆ.

ಅರ್ಜಿಯ ಆಧಾರ ಸೆಕ್ಷನ್ 205. ಮೂಲದಲ್ಲಿ ತೆರಿಗೆ ಕಡಿತವಾದ ಮೇಲೆ ಅಷ್ಟರ ಮಟ್ಟಿಗೆ ಆ ತೆರಿಗೆಯನ್ನು ನೌಕರನನ್ನೇ ಕೇಳುವಂತಿಲ್ಲ ಎಂದು ಅದು ಹೇಳುತ್ತದೆ. ಕಡಿತದಾರ ಹಣ ಕಟ್ಟದಿದ್ದರೆ ಅಂತಹ ಬೇಡಿಕೆಯನ್ನು ಬಲವಂತದಿಂದ ವಸೂಲು ಮಾಡಬಾರದೆಂದು ಕೇಂದ್ರೀಯ ನೇರ ತೆರಿಗೆ ಮಂಡಳಿ 1 ಜೂನ್ 2015ರಂದು ಅಧಿಕಾರಿಗಳಿಗೆ ಪತ್ರ ಬರೆದಿತ್ತು, 11 ಮಾರ್ಚ್ 2016ರಂದು ಅದನ್ನು ಮತ್ತೆ ನೆನಪಿಸಿತು. ಎರಡನ್ನೂ ಅರ್ಜಿಯಲ್ಲಿ ದಿನಾಂಕ ಸಹಿತ ಉಲ್ಲೇಖಿಸಿ. ಸಂಬಳದ ಚೀಟಿ ಒಂದೇ ಸಾಲದು. ಕಡಿತದ ನಂತರದ ಮೊತ್ತವೇ ಖಾತೆಗೆ ಬಂದಿದೆಯೆಂದು ತೋರಿಸಲು ಆ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ, ಚೀಟಿಯ ನಿವ್ವಳ ಮೊತ್ತಕ್ಕೂ ಜಮೆಗೂ ತಿಂಗಳುವಾರು ತಾಳೆ ಮಾಡಿ ಒಂದು ಪಟ್ಟಿ ಬರೆಯಿರಿ.

ಹಿಡಿದುಕೊಂಡ ರೀಫಂಡ್ ಬಗ್ಗೆ ಹೇಳುವುದಾದರೆ, ಬೇಡಿಕೆಗೆ ರೀಫಂಡನ್ನು ವಜಾ ಮಾಡುವುದೂ ಪರೋಕ್ಷ ವಸೂಲಿಯೇ, ಆದ್ದರಿಂದ ಅದೂ ಸಲ್ಲದೆಂದು ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದೆ. ಆದರೆ ನೇರ ವಸೂಲಿ ಬೇಡವೆನ್ನುವುದೇ ಒಂದು, ನಿಮಗೆ ಪೂರ್ತಿ ಕ್ರೆಡಿಟ್ ಕೊಟ್ಟು ಬೇಡಿಕೆಯನ್ನು ಅಳಿಸುವುದೇ ಇನ್ನೊಂದು. ಮೊದಲನೆಯದನ್ನು ಅಧಿಕಾರಿಗಳು ಒಪ್ಪುತ್ತಾರೆ, ಎರಡನೆಯದಕ್ಕೆ ಬಂದಾಗ ತಡವರಿಸುತ್ತಾರೆ.

---

ಕರಾವಳಿಯ_ಕಾಂತ · 18 ಜನವರಿ

ಅಂದರೆ ಕೇಳುವುದಿಲ್ಲ, ಆದರೆ ಅಳಿಸುವುದೂ ಇಲ್ಲ. ಪಟ್ಟಿ ಮಾಡಲು ಕುಳಿತಿದ್ದೇನೆ. ಮೂರನೇ ತಿಂಗಳಲ್ಲೇ ಜಮೆಗೂ ಚೀಟಿಗೂ 1,200 ರೂಪಾಯಿ ವ್ಯತ್ಯಾಸ ಕಾಣುತ್ತಿದೆ.

---

ವಿದ್ಯಾ_ಶಿವಮೊಗ್ಗ · 18 ಜನವರಿ

ಆ ತಿಂಗಳು ಮುಂಗಡವೇನಾದರೂ ಪಡೆದಿದ್ದಿರಾ ನೋಡಿ. ವ್ಯತ್ಯಾಸವನ್ನು ಮುಚ್ಚಿಡಬೇಡಿ, ಕಾರಣವನ್ನು ಪಟ್ಟಿಯಲ್ಲೇ ಬರೆಯಿರಿ.

---

ದಾವಣಗೆರೆ_ಮಂಜು · 25 ಫೆಬ್ರವರಿ

ಜನವರಿ 16ರಂದು ಟ್ಯಾನ್ ತಿದ್ದಿ ಕೋರಿಕೆ ಸಲ್ಲಿಸಿದ್ದೆ. ಮ್ಯಾನೇಜರ್ ಸರ್ ಅವರ ಮಾತು ಮನಸ್ಸಿನಲ್ಲಿದ್ದರೂ ಮೇಲ್ಮನವಿ ಹಾಕಲಿಲ್ಲ, ಫೆಬ್ರವರಿ 8 ಕಳೆದ ಮೇಲೆ ಎರಡು ವಾರ ಸರಿಯಾಗಿ ನಿದ್ದೆ ಬರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ನಿನ್ನೆ 154ರ ಆದೇಶ ಬಂತು. ಪ್ಯಾನ್ ಸಣ್ಣ ಅಕ್ಷರದಲ್ಲಿ, ಅದರ ಹಿಂದೆಯೇ ಹುಟ್ಟಿದ ದಿನಾಂಕ ಹೊಡೆದು ಕಡತ ತೆರೆದಾಗ ಕೈ ನಡುಗಿ ಎರಡು ಬಾರಿ ತಪ್ಪಿತು. ಟಿಡಿಎಸ್ ಸಾಲಿನಲ್ಲಿ ಎರಡೂ ಕಾಲಂಗಳಲ್ಲಿ 1,04,000 ಇದೆ. 234ಬಿ, 234ಸಿ ಎರಡೂ ಸೊನ್ನೆ, ಕಟ್ಟಬೇಕಾದ ಮೊತ್ತವೂ ಸೊನ್ನೆ. ಆದರೆ ಪೋರ್ಟಲ್‌ನ ಬೇಡಿಕೆ ಪುಟದಲ್ಲಿ ಹಳೆಯ 42,960 ಇಂದೂ ಕಾಣುತ್ತಿದೆ. ಅದಕ್ಕೆ ಏನಾದರೂ ಮಾಡಬೇಕೇ?

---

ವಿದ್ಯಾ_ಶಿವಮೊಗ್ಗ · 25 ಫೆಬ್ರವರಿ

ಸದ್ಯಕ್ಕೆ ಏನೂ ಬೇಡ, ಆದೇಶ ಬಂದ ಮೇಲೂ ಆ ಪುಟ ಕೆಲವು ದಿನ ಹಳೆಯದನ್ನೇ ತೋರಿಸುತ್ತದೆ. ಮಾರ್ಚ್ ಕೊನೆಗೂ ಹೋಗದಿದ್ದರೆ ಆದೇಶದ ಸಂಖ್ಯೆ ಹಾಕಿ ಪೋರ್ಟಲ್‌ನಲ್ಲಿ ಗ್ರೀವೆನ್ಸ್ ಸಲ್ಲಿಸಿ. ನವೆಂಬರ್, ಜನವರಿ, ಫೆಬ್ರವರಿಯ ಮೂರೂ ಆದೇಶಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಕಾಂತ ಅವರೇ, ನಿಮ್ಮ ಅರ್ಜಿ ಎಲ್ಲಿಗೆ ಬಂತು?

---

ಕರಾವಳಿಯ_ಕಾಂತ · 27 ಫೆಬ್ರವರಿ

ಆ 1,200 ಹಬ್ಬದ ಮುಂಗಡ, ನಾನೇ ಮರೆತಿದ್ದೆ. ಪಟ್ಟಿ ಸಹಿತ ಅರ್ಜಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದಿದ್ದೇನೆ. ಕೇಳಿದ್ದಕ್ಕೆ, ಕಡಿತ ಮಾಡಿದವರ ಟ್ಯಾನ್ ಕೊಡಿ, ಟಿಡಿಎಸ್ ವಿಭಾಗಕ್ಕೆ ಬರೆಯುತ್ತೇವೆ ಎಂದರು. ನನ್ನ ಸಂಬಳದ ಚೀಟಿಗಳಲ್ಲಿ ಟ್ಯಾನ್ ಮುದ್ರಿಸಿಲ್ಲ. ಜೊತೆಗೆ ದುಡಿದ ಒಬ್ಬರ ಬಳಿ ಹಿಂದಿನ ವರ್ಷದ ಫಾರ್ಮ್ 16 ಇದೆಯಂತೆ, ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ.